ಅವಧಿಗೆ ಮುಂಚೆ ಮನೆ ಬಿಡುವವರ ಪತ್ರ

ಬಾಡಿಗೆ ಮನೆಯನ್ನು ಅವಧಿ ಮುಗಿಯುವ ಮೊದಲೇ ಬಿಡಬೇಕಾದವರು ಮಾಲೀಕರಿಗೆ ಬರೆಯುವ ಪತ್ರ ಸಾಮಾನ್ಯವಾಗಿ ತಮ್ಮ ಸುದ್ದಿಯಿಂದ ಶುರುವಾಗುತ್ತದೆ. ಹೊರದೇಶದಲ್ಲಿ ಕೆಲಸ ಸಿಕ್ಕಿದೆ, ಒಳ್ಳೆಯ ಅವಕಾಶ, ಬಿಡುವ ಹಾಗಿಲ್ಲ ಎಂದು ಅರ್ಧ ಪುಟ ಹೋಗಿ, ಕೊನೆಯ ಎರಡು ಸಾಲಿನಲ್ಲಿ 'ದಯವಿಟ್ಟು ಸಹಕರಿಸಿ, ಬೇಕಾದರೆ ಬೇರೆಯವರನ್ನು ನಾನೇ ಹುಡುಕಿಕೊಡುತ್ತೇನೆ' ಎಂದು ಮುಗಿಯುತ್ತದೆ. ಓದುವ ಮಾಲೀಕರ ಮನಸ್ಸು ಆ ಅರ್ಧ ಪುಟದಲ್ಲಿ ನಿಲ್ಲುವುದೇ ಇಲ್ಲ. ಮನೆ ಎಷ್ಟು ದಿನ ಖಾಲಿ ಬೀಳುತ್ತದೆ, ಅಡ್ವಾನ್ಸ್ ಯಾವತ್ತು ವಾಪಸ್ ಕೊಡಬೇಕು, ಇವರು ಕರೆತರುವವರು ಎಂಥವರೋ ಎಂಬ ಮೂರು ಯೋಚನೆ ಅಷ್ಟರಲ್ಲೇ ಎದ್ದಿರುತ್ತವೆ. ಆ ಮೂರಕ್ಕೂ ಕೇಳುವ ಮೊದಲೇ ಉತ್ತರ ಬರೆದಿಟ್ಟ ಪತ್ರವೊಂದನ್ನು ನಾನು ಓದಿದ್ದೇನೆ. ಅದರ ಕಟ್ಟುವಿಕೆ ನನಗೆ ಬಹಳ ಹಿಡಿಸಿತು. ಅದನ್ನು ಬಿಡಿಸಿ ತೋರಿಸುವುದು ಈ ಲೇಖನದ ಉದ್ದೇಶ.

ಪತ್ರ ಬಂದದ್ದು ನನ್ನ ಸೋದರತ್ತೆಗೆ. ಅತ್ತೆ ಮೇಷ್ಟ್ರ ಕೆಲಸದಿಂದ ನಿವೃತ್ತರಾಗಿ ಮೈಸೂರಿನಲ್ಲಿದ್ದಾರೆ. ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿ ಮಾವ ಕಟ್ಟಿಸಿದ ಮನೆಯ ಮೊದಲ ಮಹಡಿಯನ್ನು ಬಾಡಿಗೆಗೆ ಕೊಟ್ಟಿದ್ದಾರೆ, ಕಾಗದಪತ್ರ ನಾನು ನೋಡಿಕೊಳ್ಳುತ್ತೇನೆ. ಬಾಡಿಗೆಗಿದ್ದವಳು ಹುಬ್ಬಳ್ಳಿ ಕಡೆಯ ಹುಡುಗಿ, ವಾಹನಗಳ ಬಿಡಿಭಾಗ ವಿನ್ಯಾಸ ಮಾಡುವ ಇಂಜಿನಿಯರ್. ತಿಂಗಳ ಬಾಡಿಗೆ 30,000 ರೂಪಾಯಿ, ಅಡ್ವಾನ್ಸ್ 1,80,000. ಕರಾರು ಜೂನ್ 1ರಿಂದ ಹನ್ನೊಂದು ತಿಂಗಳಿಗೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕಾದ್ದರಿಂದ ನಮ್ಮಲ್ಲಿ ಹನ್ನೊಂದು ತಿಂಗಳು ವಾಡಿಕೆಯಾಗಿದೆ. ಅದರೊಳಗೆ ಎರಡು ಷರತ್ತು ಇದ್ದವು. ಮೊದಲ ಎಂಟು ತಿಂಗಳು, ಅಂದರೆ ಜನವರಿ 31ರವರೆಗೆ, ಮನೆ ಬಿಡುವ ಹಾಗಿಲ್ಲ. ಇದು ಲಾಕ್-ಇನ್. ಆಮೇಲೆ ಬಿಡುವುದಾದರೆ ಎರಡು ತಿಂಗಳ ಮುಂಚೆ ತಿಳಿಸಬೇಕು. ಇದು ನೋಟಿಸ್. ಆಕೆಗೆ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿತ್ತು, ನವೆಂಬರ್ ಕೊನೆಗೆ ಹೊರಡಬೇಕಿತ್ತು. ಪತ್ರ ಬರೆದದ್ದು ಅಕ್ಟೋಬರ್ 10ಕ್ಕೆ. ಲಾಕ್-ಇನ್‌ಗೆ ಎರಡು ತಿಂಗಳು ಕಡಿಮೆ, ನೋಟಿಸ್‌ಗೂ ಹತ್ತು ದಿನ ಕಡಿಮೆ. ಕೈಯಲ್ಲಿ ಹಿಡಿದು ವಾದ ಮಾಡುವಂಥ ಹಕ್ಕು ಆಕೆಗೆ ಏನೂ ಇರಲಿಲ್ಲ.

ಆ ಅಕ್ಟೋಬರ್ 10ನೇ ತಾರೀಕೇ ಯೋಚಿಸಿ ಆರಿಸಿದ್ದು. ಹೊರದೇಶಕ್ಕೆ ಹೋಗುವವರಿಗೆ ಇಲ್ಲಿ ನಿಜವಾದ ಇಕ್ಕಟ್ಟಿದೆ. ಕೆಲಸದ ಆಫರ್ ಲೆಟರ್ ಬಂದ ಮೊದಲ ಸಂತೋಷದಲ್ಲೇ ಮನೆ ಬಿಡುತ್ತೇನೆಂದು ಬರೆದು ಕೊಟ್ಟರೆ, ಹೊಸಬರು ಬಂದು ಮಾಲೀಕರಿಗೆ ಮುಂಗಡ ಕೊಟ್ಟುಬಿಡುತ್ತಾರೆ. ಅಷ್ಟರಲ್ಲಿ ವೀಸಾ ತಡವಾದರೆ ಇತ್ತ ಮನೆಯೂ ಇಲ್ಲ, ಅತ್ತ ಟಿಕೆಟ್ಟೂ ಇಲ್ಲ. ಟಿಕೆಟ್ ಕೈಗೆ ಬಂದ ಮೇಲೆ ಹೇಳೋಣವೆಂದು ಕಾದರೆ ಮಾಲೀಕರಿಗೆ ಉಳಿಯುವುದು ಹದಿನೈದೋ ಇಪ್ಪತ್ತೋ ದಿನ, ಮತ್ತು ಇಷ್ಟು ದಿನ ಬಚ್ಚಿಟ್ಟರು ಎಂಬ ಬೇಸರ. ಈ ಹುಡುಗಿ ಅದನ್ನು ಎರಡು ಹೆಜ್ಜೆಯಲ್ಲಿ ಮಾಡಿದಳು. ಆಗಸ್ಟ್‌ನಲ್ಲಿ ವೀಸಾಗೆ ಅರ್ಜಿ ಹಾಕಿದಾಗಲೇ ಅತ್ತೆಗೆ ಫೋನ್ ಮಾಡಿ, 'ಆಂಟಿ, ಹೀಗೊಂದು ನಡೀತಾ ಇದೆ. ಆಗುತ್ತೋ ಇಲ್ವೋ ಗೊತ್ತಿಲ್ಲ. ಆದ್ರೆ ವರ್ಷದ ಕೊನೇಲಿ ಹೋಗಬೇಕಾಗಬಹುದು' ಎಂದಿದ್ದಳು. ಆಗ ತಾರೀಕು ಹೇಳಲಿಲ್ಲ, ಏನನ್ನೂ ಕೇಳಲೂ ಇಲ್ಲ. ವೀಸಾ ಪಾಸ್‌ಪೋರ್ಟಿನಲ್ಲಿ ಅಂಟಿಬಂದ ವಾರವೇ ಮತ್ತೊಮ್ಮೆ ಫೋನ್ ಮಾಡಿ, ಅದೇ ಸಂಜೆ ಪತ್ರ ಕಳಿಸಿದಳು. ಮೊದಲು ಮಾತು, ಆಮೇಲೆ ಕಾಗದ. ಬರೀ ಕಾಗದ ಬಂದಿದ್ದರೆ ಅತ್ತೆಯಂಥವರಿಗೆ ಅದು ವಕೀಲರ ನೋಟಿಸ್ ಹಾಗೆ ಕಾಣುತ್ತಿತ್ತು, ಬರೀ ಮಾತಾಗಿದ್ದರೆ ತಿಂಗಳ ಮೇಲೆ ಇಬ್ಬರಿಗೂ ಬೇರೆಬೇರೆ ನೆನಪು ಇರುತ್ತಿತ್ತು.

ಪತ್ರದ ಮೊದಲ ವಾಕ್ಯ ಹೀಗಿತ್ತು:

'ನಮಸ್ಕಾರ ಆಂಟಿ. ನಿಮ್ಮ ಬನಶಂಕರಿ ಮನೆಯ ಮೊದಲ ಮಹಡಿಯಲ್ಲಿ ಜೂನ್ 1ರಿಂದ ಬಾಡಿಗೆಗಿರುವ ನಾನು, ನವೆಂಬರ್ 30ರಂದು ಮನೆಯನ್ನು ನಿಮಗೆ ಬಿಟ್ಟುಕೊಡಲು ಒಪ್ಪಿಗೆ ಕೇಳಿ ಈ ಪತ್ರ ಬರೆಯುತ್ತಿದ್ದೇನೆ.'

ಯಾವ ಮನೆ, ಯಾವಾಗಿನಿಂದ ಇದ್ದೇನೆ, ಯಾವತ್ತು ಬಿಡುತ್ತೇನೆ, ನಿಮ್ಮಿಂದ ಏನು ಬೇಕು ಎಂಬುದೆಲ್ಲ ಒಂದೇ ಉಸಿರಿನಲ್ಲಿ ಬಂದುಬಿಟ್ಟಿದೆ. 'ಒಪ್ಪಿಗೆ ಕೇಳಿ' ಎಂದಿರುವುದನ್ನು ಗಮನಿಸಬೇಕು. 'ನವೆಂಬರ್ 30ಕ್ಕೆ ಮನೆ ಬಿಡುತ್ತಿದ್ದೇನೆ' ಎಂದು ಬರೆದಿದ್ದರೆ ಅದು ಲಾಕ್-ಇನ್ ಮುರಿಯುವ ಘೋಷಣೆಯಾಗುತ್ತಿತ್ತು. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಸೆಕ್ಷನ್ ಬಾಡಿಗೆ ಹೇಗೆಲ್ಲ ಕೊನೆಯಾಗಬಹುದೆಂದು ಹೇಳುವಾಗ, ಇಬ್ಬರೂ ಒಪ್ಪಿ ಬಾಡಿಗೆದಾರ ಮನೆಯನ್ನು ಹಿಂದಿರುಗಿಸುವುದನ್ನೂ ಒಂದು ದಾರಿಯೆಂದು ಹೇಳುತ್ತದೆ. ಅವಧಿಗೆ ಮುಂಚೆ ಹೊರಡುವವರಿಗೆ ತಕರಾರಿಲ್ಲದ ದಾರಿ ಅದೊಂದೇ. ಅದಕ್ಕೆ ಮಾಲೀಕರ ಒಪ್ಪಿಗೆ ಬೇಕೇ ಬೇಕು. ಪತ್ರ ಕಾಯ್ದೆಯ ಹೆಸರೆತ್ತದೆ ಆ ದಾರಿಯಲ್ಲೇ ಹೆಜ್ಜೆ ಇಟ್ಟಿದೆ.

ಕಾಯ್ದೆಯ ಹೆಸರೆತ್ತದ್ದೂ ಸರಿಯೇ. ಲಾಕ್-ಇನ್ ಇದ್ದ ಮಾತ್ರಕ್ಕೆ ಉಳಿದ ತಿಂಗಳ ಬಾಡಿಗೆ ಪೂರ್ತಿ ಮಾಲೀಕರಿಗೆ ಸಲ್ಲುತ್ತದೆಂದು ಕಣ್ಣುಮುಚ್ಚಿ ಹೇಳಲಾಗದು. 1872ರ ಒಪ್ಪಂದ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಕರಾರು ಮುರಿದಾಗ ಸಿಗುವುದು ನ್ಯಾಯವಾದ ಪರಿಹಾರ, ಕರಾರಿನಲ್ಲಿ ಬರೆದ ಮೊತ್ತ ಅದಕ್ಕೆ ಮೇಲ್ಮಿತಿ ಮಾತ್ರ. ಇದನ್ನು ಬಲ್ಲವರು ಪತ್ರದಲ್ಲಿ ಬರೆಯಲು ಆಸೆಪಡುತ್ತಾರೆ. ಬರೆದರೆ ಮಾಲೀಕರು ಮಾಡುವ ಮೊದಲ ಕೆಲಸ ಯಾರಾದರೂ ವಕೀಲರನ್ನು ಕೇಳುವುದು. ಅಲ್ಲಿಗೆ ಎರಡು ವಾರ ಹೋಯಿತು, ಮನೆ ತೋರಿಸುವ ನಾಲ್ಕು ರಜಾದಿನಗಳೂ ಅದರ ಜೊತೆ ಹೋದವು. ಅಡ್ವಾನ್ಸ್ ಹಣ ಇರುವುದು ಮಾಲೀಕರ ಕೈಯಲ್ಲಿ, ಬಾಡಿಗೆದಾರ ಇರುವುದು ಇನ್ನೊಂದು ಖಂಡದಲ್ಲಿ. ಈ ಸ್ಥಿತಿಯಲ್ಲಿ ಸೆಕ್ಷನ್ ನಂಬರಿಗಿಂತ ಒಂದು ಸಹಿ ಹೆಚ್ಚು ಕೆಲಸಕ್ಕೆ ಬರುತ್ತದೆ.

ಎರಡನೇ ಪ್ಯಾರಾ ಕಾರಣದ್ದು, ಮೂರೇ ಸಾಲು. 'ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನನಗೆ ಕೆಲಸ ಸಿಕ್ಕಿರುವುದು ನಿಮಗೆ ಗೊತ್ತು. ವೀಸಾ ಈ ವಾರ ಬಂದಿದೆ. ಡಿಸೆಂಬರ್ ಮೊದಲ ವಾರ ಅಲ್ಲಿ ಕೆಲಸಕ್ಕೆ ಸೇರಬೇಕು.' 'ಅನಿವಾರ್ಯ ಕಾರಣಗಳಿಂದ' ಎಂದು ಮಸುಕಾಗಿ ಬರೆಯುವವರಿದ್ದಾರೆ. ಅಂಥ ಮಾತು ಮಾಲೀಕರಲ್ಲಿ ಅನುಮಾನ ಹುಟ್ಟಿಸುತ್ತದೆ. ಪಕ್ಕದ ಬೀದಿಯಲ್ಲಿ ಎರಡು ಸಾವಿರ ಕಡಿಮೆಗೆ ಮನೆ ಸಿಕ್ಕಿರಬಹುದೇ, ನೀರಿನ ತೊಂದರೆಯೇ, ಕೆಳಮನೆಯವರ ಜೊತೆ ಜಗಳವೇ ಎಂದೆಲ್ಲ. ದೇಶ ಬಿಡುತ್ತಿರುವುದು ಮನವೊಲಿಸಬಲ್ಲ ಕಾರಣ, ಅದನ್ನು ನೇರವಾಗಿ ಹೇಳಿದರೆ ಸಾಕು. ಜಾಸ್ತಿ ಹೇಳಿದರೂ ಕಷ್ಟವೇ: ಸಂಬಳ, ಹೊಸ ಹುದ್ದೆಯ ವಿವರ ಬಂದರೆ, ಇಷ್ಟು ದುಡಿಯುವವರಿಗೆ ಎರಡು ತಿಂಗಳ ಬಾಡಿಗೆ ಏನು ಮಹಾ ಎಂದು ಅನ್ನಿಸುವುದು ಸಹಜ.

ಇನ್ನು ಪತ್ರದ ಬೆನ್ನೆಲುಬು. ಹೆಚ್ಚಿನವರು ಬರೆಯಲು ಹೆದರುವ ವಾಕ್ಯ ಇದು:

'ಕರಾರಿನ 4ನೇ ಷರತ್ತಿನಂತೆ ಜನವರಿ 31ರವರೆಗೆ ನಾನು ಮನೆಯಲ್ಲಿರಬೇಕಿತ್ತು. ನೋಟಿಸ್ ಕೂಡ ಎರಡು ತಿಂಗಳಿನದು ಕೊಡಬೇಕಿತ್ತು. ಎರಡರಲ್ಲೂ ನನ್ನಿಂದ ಕಡಿಮೆ ಬೀಳುತ್ತಿದೆ. ಅದರಿಂದ ನಿಮಗೆ ನಷ್ಟವಾಗಬಾರದು ಎಂದು ಹೀಗೊಂದು ಏರ್ಪಾಡು ಯೋಚಿಸಿದ್ದೇನೆ.'

ಷರತ್ತನ್ನು ತಾನೇ ಎತ್ತಿ ತೋರಿಸಿದರೆ ಸೋತಂತೆ ಎಂದು ಅನೇಕರ ಭಾವನೆ. ಮಾಲೀಕರ ಬಳಿ ಕರಾರಿನ ಪ್ರತಿ ಇದ್ದೇ ಇರುತ್ತದೆ, ಪತ್ರ ಓದಿದ ರಾತ್ರಿಯೇ ಅವರು ಅದನ್ನು ತೆಗೆದು ನೋಡುತ್ತಾರೆ. ಪತ್ರದಲ್ಲಿ ಇಲ್ಲದ ಷರತ್ತು ಅಲ್ಲಿ ಕಂಡರೆ ಅವರು ಅದನ್ನೇ ಹಿಡಿದು ಮಾತಾಡುತ್ತಾರೆ. ಪತ್ರದಲ್ಲಿ ಹೇಳಿದ್ದೇ ಅಲ್ಲೂ ಕಂಡರೆ, ಉಳಿದ ಮಾತನ್ನೂ ನಂಬುತ್ತಾರೆ. ಅತ್ತೆ ನನಗೆ ಫೋನಿನಲ್ಲಿ ಓದಿ ಹೇಳುವಾಗ ಇಲ್ಲೇ ನಿಲ್ಲಿಸಿ, 'ಸೀದಾ ಬರೆದಿದಾಳೆ ಕಣೋ ಹುಡುಗಿ' ಎಂದರು. ಅಲ್ಲಿಂದ ಮುಂದಕ್ಕೆ ಅವರ ದನಿ ಬೇರೆಯಾಗಿತ್ತು.

ಬದಲಿ ಬಾಡಿಗೆದಾರರ ಮಾತು ಬರುವುದು ಇದಾದ ಮೇಲೆ. 'ನಾನೇ ಯಾರನ್ನಾದರೂ ಹುಡುಕಿಕೊಡುತ್ತೇನೆ' ಎಂಬ ಮಾತಿಗೆ ಬೆಲೆ ಕಡಿಮೆ, ಏಕೆಂದರೆ ಅದರಲ್ಲಿ ಯಾರು ಏನು ಮಾಡುತ್ತಾರೆಂಬುದೇ ಇಲ್ಲ. ಈ ಪತ್ರದಲ್ಲಿ ಆ ಒಂದು ಮಾತು ಒಂದು ಪ್ಯಾರಾ ಆಗಿದೆ:

'ಹೊಸ ಬಾಡಿಗೆದಾರರನ್ನು ಹುಡುಕುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ. ಅಕ್ಟೋಬರ್ 20ರಿಂದ ಪ್ರತಿ ಶನಿವಾರ, ಭಾನುವಾರ ಬೆಳಗ್ಗೆ 10ರಿಂದ 1 ಗಂಟೆವರೆಗೆ ಮನೆ ತೋರಿಸಲು ಇರುತ್ತೇನೆ. ಇಷ್ಟಪಟ್ಟವರ ಹೆಸರು, ಮನೆಯಲ್ಲಿ ಎಷ್ಟು ಜನ, ಎಲ್ಲಿ ಕೆಲಸ, ಈಗಿರುವ ಮನೆಯ ಮಾಲೀಕರ ಫೋನ್ ನಂಬರ್ ಇವನ್ನು ಅವರನ್ನು ಕೇಳಿಯೇ ನಿಮಗೆ ಕಳಿಸುತ್ತೇನೆ. ಯಾರಿಗೆ ಕೊಡಬೇಕು ಎಂಬುದು ಪೂರ್ತಿ ನಿಮ್ಮ ತೀರ್ಮಾನ. ಕರಾರು ನೀವೇ ಅವರ ಜೊತೆ ಹೊಸದಾಗಿ ಮಾಡಿಕೊಳ್ಳಬೇಕು. ಬಾಡಿಗೆ, ಅಡ್ವಾನ್ಸ್ ಮಾತು ನಾನು ಆಡುವುದಿಲ್ಲ, ಯಾರಿಂದಲೂ ಹಣ ಮುಟ್ಟುವುದಿಲ್ಲ. ಈಗಿನ ಬಾಡಿಗೆಯನ್ನೇ ಹೇಳಬೇಕೇ, ಬೇರೆ ಹೇಳಬೇಕೇ, ಎಂಥವರು ಬಂದರೆ ನಿಮಗೆ ಅನುಕೂಲ ಎಂಬುದನ್ನು ಮೊದಲೇ ತಿಳಿಸಿದರೆ ಅಂಥವರಿಗೆ ಮಾತ್ರ ತೋರಿಸುತ್ತೇನೆ.'

ಈ ಪ್ಯಾರಾ ಒಂದು ಗೆರೆ ಎಳೆಯುತ್ತದೆ. ಗೆರೆಯ ಈಚೆ ಓಡಾಟ: ಬೋರ್ಡ್ ಹಾಕುವುದು, ಫೋನ್ ಎತ್ತುವುದು, ಬಾಗಿಲು ತೆಗೆದು ತೋರಿಸುವುದು. ಅದೆಲ್ಲ ಬಾಡಿಗೆದಾರಳದು. ಆಚೆ ಅಧಿಕಾರ: ಆರಿಸುವುದು, ದರ ಹೇಳುವುದು, ಹಣ ಪಡೆಯುವುದು, ಕರಾರು ಬರೆಯುವುದು. ಅದೆಲ್ಲ ಮಾಲೀಕರದು. ಗೆರೆ ಅಳಿಸಿದ ಕಡೆಯೆಲ್ಲ ತೊಂದರೆ ಹುಟ್ಟುತ್ತದೆ. ಗೆಳೆಯನೊಬ್ಬನಿಗೆ ಕೀ ಕೊಟ್ಟು, ಅವನಿಂದಲೇ ಅಡ್ವಾನ್ಸ್ ತೆಗೆದುಕೊಂಡು ವಿಮಾನ ಹತ್ತುವವರಿದ್ದಾರೆ. ಕಾಗದದ ಮೇಲೆ ಅದು ಒಳಬಾಡಿಗೆ, ನಮ್ಮ ಬಹುತೇಕ ಕರಾರುಗಳಲ್ಲಿ ಅದಕ್ಕೆ ಸ್ಪಷ್ಟ ನಿಷೇಧವಿದೆ. ಹಾಗೆ ಹೋದವರ ಹೆಸರಿನಲ್ಲೇ ಹಳೆಯ ಕರಾರು ಉಳಿದಿರುತ್ತದೆ. ಗೆಳೆಯ ಬಾಡಿಗೆ ಕೊಡದಿದ್ದರೆ, ಮನೆ ಹಾಳುಮಾಡಿದರೆ, ಮಾಲೀಕರು ಕೇಳುವುದು ಸ್ಟುಟ್‌ಗಾರ್ಟ್‌ನಲ್ಲಿರುವವರನ್ನೇ. 'ಕರಾರು ನೀವೇ ಹೊಸದಾಗಿ ಮಾಡಿಕೊಳ್ಳಬೇಕು' ಎಂಬ ಪುಟ್ಟ ವಾಕ್ಯ ಮಾಲೀಕರಿಗೆ ಗೌರವ ಕೊಡುವುದರ ಜೊತೆಗೆ ಬರೆದವಳನ್ನೂ ಕಾಪಾಡುತ್ತದೆ.

ದರ ಕೇಳಿದ್ದರಲ್ಲೂ ಒಂದು ಎಚ್ಚರವಿದೆ. ಮಾಲೀಕರು ಮನಸ್ಸಿನಲ್ಲೇ 36,000 ಅಂದುಕೊಂಡಿದ್ದು, ಇವಳು 30,000 ಎಂದು ಹೇಳಿ ಜನರನ್ನು ಕರೆತಂದರೆ ಎರಡು ವಾರದ ಶ್ರಮ ನೀರಿಗೆ ಹೋಗುತ್ತದೆ. ಅತ್ತೆ ನನ್ನ ಜೊತೆ ಮಾತಾಡಿ 31,500 ಹೇಳಲು ತಿಳಿಸಿದರು.

ಹುಡುಕಿಕೊಡುವ ಭರವಸೆ ಎಷ್ಟು ಗಟ್ಟಿಯಾಗಿದ್ದರೂ ಯಾರೂ ಸಿಗದೇ ಹೋಗಬಹುದು. ನವೆಂಬರ್, ಡಿಸೆಂಬರ್ ಬೆಂಗಳೂರಿನಲ್ಲಿ ಸಂಸಾರಸ್ಥರು ಮನೆ ಬದಲಿಸುವ ಕಾಲವಲ್ಲ, ಮಕ್ಕಳ ಶಾಲೆ ನಡುವೆ ಇರುತ್ತದೆ. ಒಳ್ಳೆಯ ಪತ್ರ ಈ ಸಾಧ್ಯತೆಯನ್ನು ಮುಚ್ಚಿಡುವುದಿಲ್ಲ, ಅದಕ್ಕೊಂದು ಬೆಲೆ ಕಟ್ಟುತ್ತದೆ.

'ನವೆಂಬರ್ 30ರೊಳಗೆ ಯಾರೂ ಗೊತ್ತಾಗದಿದ್ದರೆ, ಹೊಸಬರ ಬಾಡಿಗೆ ಶುರುವಾಗುವ ಹಿಂದಿನ ದಿನದವರೆಗೆ, ಹೆಚ್ಚೆಂದರೆ ಜನವರಿ 31ರವರೆಗೆ, ದಿನದ ಲೆಕ್ಕದಲ್ಲಿ ಬಾಡಿಗೆಯನ್ನು ನನ್ನ ಅಡ್ವಾನ್ಸ್‌ನಲ್ಲಿ ಹಿಡಿದುಕೊಳ್ಳಿ. ಆ ನಡುವೆ ಪೇಂಟಿಂಗ್ ಅಥವಾ ರಿಪೇರಿ ನಡೆದ ದಿನಗಳನ್ನು ಮಾತ್ರ ಬಿಡಬೇಕೆಂದು ಕೇಳಿಕೊಳ್ಳುತ್ತೇನೆ.'

ಡಿಸೆಂಬರ್, ಜನವರಿ ಎರಡೂ ತಿಂಗಳು ಮನೆ ಖಾಲಿ ಬಿದ್ದರೆ 60,000 ರೂಪಾಯಿ. ಅದಕ್ಕಿಂತ ಹೆಚ್ಚು ಆಕೆ ಕೊಡಬೇಕಾಗಿಲ್ಲ, ಪೇಂಟಿಂಗ್, ರಿಪೇರಿ ದಿನಗಳನ್ನು ಬಿಟ್ಟರೆ ಅದಕ್ಕಿಂತ ಕಡಿಮೆ ಅತ್ತೆ ಪಡೆಯಬೇಕಾಗಿಲ್ಲ. ಇಬ್ಬರಿಗೂ ಅತಿ ಕೆಟ್ಟದ್ದು ಎಷ್ಟು ಎಂಬುದು ಮೊದಲ ದಿನವೇ ಗೊತ್ತಾಯಿತು. 'ಹೆಚ್ಚೆಂದರೆ ಜನವರಿ 31' ಎಂಬ ಅಂಚು ಇಲ್ಲದೆ 'ಹೊಸಬರು ಬರುವವರೆಗೆ ಬಾಡಿಗೆ ಕೊಡುತ್ತೇನೆ' ಎಂದಷ್ಟೇ ಬರೆದರೆ ಕೊನೆಯಿಲ್ಲದ ಹೊಣೆ ಹೊತ್ತಂತಾಗುತ್ತದೆ, ಮಾಲೀಕರಿಗೂ ಬೇಗ ಯಾರನ್ನಾದರೂ ಒಪ್ಪುವ ಅವಸರ ಇರುವುದಿಲ್ಲ. ಪೇಂಟಿಂಗ್ ದಿನಗಳ ಮಾತು ನನಗೆ ಮೊದಲು ಸಣ್ಣದೆನಿಸಿತ್ತು. ಆಮೇಲೆ ಲೆಕ್ಕ ಮಾಡುವಾಗ ಅದರ ಬೆಲೆ ಗೊತ್ತಾಯಿತು.

ನಾನು ಈ ಪತ್ರದಲ್ಲಿ ಅತ್ಯಂತ ಮೆಚ್ಚಿದ ವಾಕ್ಯ ಇದರ ನಂತರ ಬರುತ್ತದೆ. 'ಅಡ್ವಾನ್ಸ್ ಹಣವನ್ನು ನಾನು ಹೊರಡುವ ದಿನವೇ ಕೊಡಬೇಕೆಂದಿಲ್ಲ. ಹೊಸಬರ ಅಡ್ವಾನ್ಸ್ ನಿಮಗೆ ಬಂದ ಒಂದು ವಾರದಲ್ಲಿ, ಅಥವಾ ತಡವಾದರೆ ಫೆಬ್ರವರಿ 10ರೊಳಗೆ, ಕೊಟ್ಟರೆ ಸಾಕು.'

ಅಡ್ವಾನ್ಸ್ ಎಂದು ಕೊಟ್ಟ ಹಣ ಮಾಲೀಕರ ಬೀರುವಿನಲ್ಲಿ ಕೂತಿರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಅದು ಮಗಳ ಮದುವೆಗೋ ಮೇಲ್ಮಹಡಿಯ ತಾರಸಿಗೋ ಎಂದೋ ಹೋಗಿರುತ್ತದೆ, ಅತ್ತೆಯ ವಿಷಯದಲ್ಲಿ ಕಣ್ಣಿನ ಆಪರೇಷನ್‌ಗೆ ಹೋಗಿತ್ತು. ಒಬ್ಬರ ಅಡ್ವಾನ್ಸ್ ತೀರಿಸುವುದು ಮುಂದಿನವರ ಅಡ್ವಾನ್ಸ್‌ನಿಂದಲೇ. ಇದು ಬಾಯಿಬಿಟ್ಟು ಯಾರೂ ಹೇಳದ ವ್ಯವಸ್ಥೆ. ಬಾಡಿಗೆದಾರರು ಅವಧಿಗೆ ಮುಂಚೆ ಹೊರಟಾಗ ಮಾಲೀಕರು ಗಡುಸಾಗುವುದು ಬಾಡಿಗೆ ನಷ್ಟಕ್ಕಿಂತ ಹೆಚ್ಚಾಗಿ ಇದಕ್ಕೇ ಎಂದು ನನ್ನ ಅನಿಸಿಕೆ: ನವೆಂಬರ್ 30ಕ್ಕೆ 1,80,000 ಎಲ್ಲಿಂದ ತರುವುದು? ಆ ಸಂಕೋಚವನ್ನು ಅವರಿಂದ ಹೇಳಿಸದೆ, ತಾನೇ ಅರಿತು, ಅವರ ಮರ್ಯಾದೆಗೆ ಧಕ್ಕೆಯಾಗದ ಹಾಗೆ ಸಮಯ ಕೊಟ್ಟಿದ್ದಾಳೆ. ತನಗೂ ಒಂದು ಕೊನೆಯ ತಾರೀಕು ಇಟ್ಟುಕೊಂಡಿದ್ದಾಳೆ. ಭೋಗ್ಯಕ್ಕೆ ಹಾಕಿಕೊಂಡ ಮನೆಗಳಲ್ಲಿ ಈ ಮಾತು ಇನ್ನೂ ಹೆಚ್ಚು ನಿಜ. ಅಲ್ಲಿ ತಿಂಗಳ ಬಾಡಿಗೆಯೇ ಇಲ್ಲ, ಕೊಟ್ಟ ಹತ್ತಿಪ್ಪತ್ತು ಲಕ್ಷವೇ ಎಲ್ಲ. ಮುಂದಿನ ಭೋಗ್ಯದಾರರು ಹಣ ತರದೆ ಹಿಂದಿನವರ ಹಣ ತೀರುವುದು ಅಪರೂಪ. ಅಂಥ ಮನೆ ಬಿಡುವವರು ಬದಲಿಯವರನ್ನು ಹುಡುಕುವುದು ತಮ್ಮದೇ ಹಣಕ್ಕಾಗಿ.

ಇದೇ ಅಡ್ವಾನ್ಸ್ ಸುತ್ತ ಇನ್ನೊಂದು ಕೆಟ್ಟ ರೂಢಿ ಇದೆ. ಹೊರಡುವುದು ಖಚಿತವಾದ ತಿಂಗಳಿಂದ ಬಾಡಿಗೆ ಕೊಡುವುದನ್ನು ನಿಲ್ಲಿಸಿ, 'ಅಡ್ವಾನ್ಸ್‌ನಲ್ಲಿ ವಜಾ ಮಾಡಿಕೊಳ್ಳಿ' ಎನ್ನುವುದು. ಮಾಲೀಕರ ಕೈಯಲ್ಲಿರುವ ಭದ್ರತೆ ಅಲ್ಲಿಂದ ಕರಗುತ್ತ ಹೋಗುತ್ತದೆ, ಜೊತೆಗೆ ವಿಶ್ವಾಸವೂ. ಪತ್ರದಲ್ಲಿ ಒಂದು ಸಾಲು ಇತ್ತು: 'ನವೆಂಬರ್ ಬಾಡಿಗೆಯನ್ನೂ ಎಂದಿನಂತೆ 5ನೇ ತಾರೀಕಿಗೆ ಹಾಕುತ್ತೇನೆ.' ಅಕ್ಟೋಬರ್‌ದು ಪತ್ರ ಬರುವ ಹೊತ್ತಿಗೆ ಬಂದಿತ್ತು, ನವೆಂಬರ್‌ದೂ ಹಾಗೇ ಬಂತು.

ದೇಶ ಬಿಡುವವರಿಗೆ ಮಾತ್ರ ಬೇಕಾದ ಭಾಗ ಪತ್ರದ ಕೊನೆಯಲ್ಲಿತ್ತು. ಇದೇ ಊರಿನ ಇನ್ನೊಂದು ಬಡಾವಣೆಗೆ ಹೋಗುವವರು ಕರೆಂಟ್ ಬಿಲ್ ಬಂದಾಗ ಒಂದು ಸಂಜೆ ಬಂದು ಮುಗಿಸಬಹುದು. ಇವಳು ಬರುವ ಹಾಗಿಲ್ಲ. ಆದ್ದರಿಂದ ಬೆಂಗಳೂರಿನಲ್ಲೇ ಇರುವ ತಮ್ಮನ ಹೆಸರು, ಫೋನ್ ನಂಬರ್ ಬರೆದು, ಕೀ ಒಪ್ಪಿಸಲು, ಮನೆ ತೋರಿಸಲು, ಲೆಕ್ಕಕ್ಕೆ ಸಹಿ ಹಾಕಲು ಅವನಿಗೆ ಅಧಿಕಾರ ಕೊಟ್ಟ ಇನ್ನೊಂದು ಪುಟ್ಟ ಪತ್ರವನ್ನು ಸಹಿ ಮಾಡಿ ಜೊತೆಗಿಟ್ಟಿದ್ದಳು. ಹಣ ಎಲ್ಲಿಗೆ ಹಾಕಬೇಕು ಎಂಬುದೂ ಯೋಚಿಸಬೇಕಾದ್ದೇ. ಕೆಲಸಕ್ಕಾಗಿ ಹೊರದೇಶದಲ್ಲಿ ನೆಲಸಲು ಹೋದವರು ಇಲ್ಲಿನ ಸಾಮಾನ್ಯ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಬೇಕು. ಬದಲಾಗುವ ನಡುವೆ ಖಾತೆಯ ವಹಿವಾಟು ಒಮ್ಮೊಮ್ಮೆ ತಡೆಯಾಗುತ್ತದೆ. ಫೆಬ್ರವರಿಯವರೆಗೆ ಅಡ್ವಾನ್ಸ್ ಬರಬಹುದೆಂದು ಗೊತ್ತಿದ್ದರಿಂದ ಆಕೆ ಹೊರಡುವ ಮೊದಲೇ ಬ್ಯಾಂಕಿನಲ್ಲಿ ಅದರ ಏರ್ಪಾಡು ಮಾಡಿಕೊಂಡು, ಯಾವ ಖಾತೆಗೆ ಹಾಕಬೇಕೆಂದು ಆಮೇಲೆ ತಿಳಿಸುತ್ತೇನೆ ಎಂದು ಬರೆದಿದ್ದಳು.

ಮುಗಿಸಿದ ರೀತಿಯೂ ಚೆನ್ನ. 'ನಿಮಗೆ ಒಪ್ಪಿಗೆಯಾದರೆ ಈ ಪತ್ರದ ಪ್ರತಿಯ ಕೆಳಗೆ "ಒಪ್ಪಿದ್ದೇನೆ" ಎಂದು ಬರೆದು ಸಹಿ ಹಾಕಿ ಫೋಟೋ ಕಳಿಸಿ. ಏನಾದರೂ ಬದಲಿಸಬೇಕಿದ್ದರೆ ಹೇಳಿ, ತಿದ್ದಿ ಮತ್ತೆ ಕಳಿಸುತ್ತೇನೆ. ನಿಮ್ಮ ಉತ್ತರ ಬಂದ ಮೇಲೆಯೇ ಗೇಟಿಗೆ ಟು-ಲೆಟ್ ಬೋರ್ಡ್ ಹಾಕುತ್ತೇನೆ.' ಏನು ಮಾಡಬೇಕೆಂದು ಸ್ಪಷ್ಟವಾಗಿದೆ. ಬೋರ್ಡಿನ ಮಾತಂತೂ ಬಹಳ ಸೂಕ್ಷ್ಮ. ತಮ್ಮ ಮನೆಗೆ ಟು-ಲೆಟ್ ಬೋರ್ಡ್ ಬಿದ್ದಿದೆಯೆಂದು ಮಾಲೀಕರಿಗೆ ಎದುರುಮನೆಯವರಿಂದ ಗೊತ್ತಾದರೆ, ಎಂಥ ಪತ್ರ ಬರೆದಿದ್ದರೂ ಫಲವಿಲ್ಲ.

ಅತ್ತೆ ಮೂರನೇ ದಿನ ಸಹಿ ಹಾಕಿದರು. ಒಂದೇ ಒಂದು ತಿದ್ದುಪಡಿ ಕೇಳಿದರು: ಬ್ರೋಕರ್ ಮೂಲಕ ಯಾರಾದರೂ ಬಂದು, ಅವನು ಮಾಲೀಕರ ಕಡೆಯಿಂದಲೂ ಕಮಿಷನ್ ಕೇಳಿದರೆ ಯಾರು ಕೊಡಬೇಕು? ಪತ್ರದಲ್ಲಿ ಅದು ಬಿಟ್ಟುಹೋಗಿತ್ತು. ಹದಿನೈದು ದಿನದ ಬಾಡಿಗೆ ಮೀರದಂತೆ ತಾನೇ ಕೊಡುತ್ತೇನೆ ಎಂದು ಆಕೆ ಸೇರಿಸಿದಳು. ಕೊನೆಗೆ ಬ್ರೋಕರ್ ಬೇಕಾಗಲಿಲ್ಲ. ಬೋರ್ಡ್ ನೋಡಿ ಬಂದವರಲ್ಲಿ ಇಬ್ಬರು ಅತ್ತೆಗೆ ಹಿಡಿಸಲಿಲ್ಲ. ನವೆಂಬರ್ ಎರಡನೇ ವಾರ ಬಂದ, ಹತ್ತಿರದ ಕಾಲೇಜಿನಲ್ಲಿ ಪಾಠ ಮಾಡುವ ದಂಪತಿಗಳನ್ನು ಒಪ್ಪಿದರು. ಅವರ ಹಳೆಯ ಮನೆಯ ನೋಟಿಸ್ ಮುಗಿಯುವುದು ಡಿಸೆಂಬರ್ 9ಕ್ಕೆ, ಇಲ್ಲಿ ಬಾಡಿಗೆ 10ರಿಂದ.

ಈಗ ಲೆಕ್ಕ. ಡಿಸೆಂಬರ್ 1ರಿಂದ 9ರವರೆಗೆ ಒಂಬತ್ತು ದಿನ ಮನೆ ಖಾಲಿ. ಅದರಲ್ಲಿ ನಾಲ್ಕು ದಿನ ಪೇಂಟರ್‌ಗಳು ಇದ್ದರು. ಉಳಿದದ್ದು ಐದು ದಿನ. 30,000ವನ್ನು ಡಿಸೆಂಬರ್‌ನ 31 ದಿನಕ್ಕೆ ಹಂಚಿದರೆ ದಿನಕ್ಕೆ ಸುಮಾರು 968, ಐದು ದಿನಕ್ಕೆ 4,839 ರೂಪಾಯಿ. ಪೇಂಟಿಂಗ್ ಮತ್ತು ಕ್ಲೀನಿಂಗ್‌ಗೆ ಕರಾರಿನಂತೆ ಒಂದು ತಿಂಗಳ ಬಾಡಿಗೆ, 30,000. ಕೊನೆಯ ಕರೆಂಟ್ ಮತ್ತು ನೀರಿನ ಬಿಲ್ 1,460. ಇವನ್ನು ಕಳೆದು ಆಕೆಗೆ ವಾಪಸ್ ಹೋದದ್ದು 1,43,701 ರೂಪಾಯಿ. ಆ ನಾಲ್ಕು ದಿನದ ವಾಕ್ಯ ಪತ್ರದಲ್ಲಿ ಇಲ್ಲದಿದ್ದರೆ ಇಲ್ಲಿ ಇರಿಸುಮುರಿಸಾಗುತ್ತಿತ್ತು. ಪೇಂಟರ್‌ಗಳು ಇರಲಿ ಬಿಡಲಿ ಹೊಸಬರು ಬರುತ್ತಿದ್ದದ್ದು 10ಕ್ಕೇ ತಾನೇ ಎಂದು ನಾನು ಅತ್ತೆಯ ಪರವಾಗಿ ಹೇಳಬಹುದಿತ್ತು. ಅತ್ತೆ ಪತ್ರವನ್ನು ತೆಗೆದು ತೋರಿಸಿ, 'ಒಪ್ಪಿ ಸಹಿ ಹಾಕಿದೀನಲ್ಲೋ' ಎಂದು ಮಾತು ಮುಗಿಸಿದರು.

ಪತ್ರಕ್ಕೂ ಒಂದು ಮಿತಿಯಿದೆ. ಮೂವರು ಗೆಳತಿಯರು ಒಂದೇ ಕರಾರಿಗೆ ಸಹಿ ಹಾಕಿ ಒಬ್ಬಳು ಮಾತ್ರ ಹೊರಟರೆ, ಬದಲಿಯವರನ್ನು ಮಾಲೀಕರಷ್ಟೇ ಅಲ್ಲ, ಉಳಿದಿಬ್ಬರೂ ಒಪ್ಪಬೇಕು. ಆಗ ಪತ್ರಕ್ಕಿಂತ ಮೊದಲು ಮನೆಯೊಳಗಿನ ಮಾತು ಮುಗಿಯಬೇಕು. ಕಂಪನಿಯ ಹೆಸರಿನಲ್ಲಿ ಕರಾರು ಇದ್ದರೆ ಬರೆಯುವ ಅಧಿಕಾರ ಕಂಪನಿಯದು. ಮನೆ ಖಾಲಿಯಾದರೆ ಸಾಕು, ಮಗನಿಗೆ ಬೇಕಿತ್ತು ಎಂದು ಕಾಯುತ್ತಿರುವ ಮಾಲೀಕರಿಗೆ ಬದಲಿಯವರ ಮಾತೇ ಬೇಡ. ಅಂಥವರ ಜೊತೆ ಹುಡುಕುವ ಪ್ಯಾರಾವನ್ನು ತೆಗೆದು, ಖಾಲಿ ದಿನಗಳ ಬಾಡಿಗೆಯನ್ನೂ ಬಿಡುವಂತೆ ಕೇಳಬಹುದು. ಆದ್ದರಿಂದಲೇ ಬರೆಯುವ ಮೊದಲು ಒಂದು ಫೋನ್ ಮಾಡಿ ಅವರ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವುದು ಒಳ್ಳೆಯದು.

ಆಕೆಯ ತಮ್ಮ ಡಿಸೆಂಬರ್ 12ರಂದು ಬಂದು ಲೆಕ್ಕದ ಹಾಳೆಗೆ ಸಹಿ ಹಾಕಿದ. ಹಳೆಯ ಕರಾರಿನ ಎರಡೂ ಪ್ರತಿಗಳ ಮೇಲೆ 'ನವೆಂಬರ್ 30ಕ್ಕೆ ಪರಸ್ಪರ ಒಪ್ಪಿಗೆಯಿಂದ ಮುಗಿದಿದೆ, ಯಾವ ಬಾಕಿಯೂ ಇಲ್ಲ' ಎಂದು ಬರೆದು ಅತ್ತೆಯ ಸಹಿ ಹಾಕಿಸಿ, ಒಂದನ್ನು ಅವನಿಗೆ ಕೊಟ್ಟೆ, ಇನ್ನೊಂದನ್ನು ಆ ಪತ್ರದ ಜೊತೆ ಮನೆಯ ಫೈಲಿಗೆ ಸೇರಿಸಿದೆ.